ಬೆಳಗಿನ ಜಾವ ಮೂರೂವರೆಗೆ ಶುರುವಾಗುವ ಪತ್ರ

(ಆಷಾಢದ ಒಂದು ಭಾನುವಾರ ಮೈಸೂರಿನಲ್ಲಿ ಬ್ಯೂಟಿಷಿಯನ್‌ಗಳು ಸೇರಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಷಾಢ ಆದ್ದರಿಂದ ಇಷ್ಟು ಜನ ಒಂದೇ ಕಡೆ ಸಿಕ್ಕಿದ್ದೀರಿ. ಇದೇ ಸಭೆ ಮಾಘದಲ್ಲೋ ವೈಶಾಖದಲ್ಲೋ ಇದ್ದಿದ್ದರೆ ನಾನೂ ಬರುತ್ತಿರಲಿಲ್ಲ, ನೀವೂ ಬರುತ್ತಿರಲಿಲ್ಲ. ಭಾನುವಾರ ಅಂದರೆ ನಮಗೆ ಯಾವುದೋ ಒಂದು ಕಲ್ಯಾಣ ಮಂಟಪದ ವಧುವಿನ ಕೋಣೆ, ಅಲ್ವಾ?

ನನಗೆ ಕೊಟ್ಟಿರುವ ವಿಷಯ ವೆಡ್ಡಿಂಗ್ ಪ್ಲಾನರ್‌ಗೆ ಬರೆಯುವ ಪತ್ರ. ನಾವು ಮೇಕಪ್ ಸ್ಟುಡಿಯೋದವರು ಪ್ಲಾನರ್ ಜೊತೆ ಸೇರಿ ವಧುವಿನ ಪ್ಯಾಕೇಜ್ ಮಾಡಬೇಕು ಅಂದರೆ ಏನು ಬರೆದು ಕಳಿಸಬೇಕು ಅಂತ. ನಾನು ಇಂಥ ಪತ್ರ ಎರಡು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದರ ಮೇಲೆ ಈಗಲೂ ಕೆಲಸ ನಡೆಯುತ್ತಿದೆ. ಹಾಗಾಗಿ ಆ ಎರಡು ಪತ್ರಗಳ ಕಥೆಯನ್ನೇ ಹೇಳುತ್ತೇನೆ.

ಮೊದಲ ಪತ್ರ ನೋಡೋಕೆ ತುಂಬಾ ಚೆನ್ನಾಗಿತ್ತು. ದಪ್ಪ ಹೊಳಪು ಕಾಗದ, ಮೇಲೆ ಬಂಗಾರದ ಬಣ್ಣದ ಹೆಸರು. ಒಳಗೆ ನನಗೆ ಎಷ್ಟು ವರ್ಷದ ಅನುಭವ, ಎಲ್ಲೆಲ್ಲಿ ಕೋರ್ಸ್ ಮಾಡಿದ್ದೇನೆ, ಯಾವ್ಯಾವ ಬ್ರ್ಯಾಂಡ್ ಬಳಸುತ್ತೇನೆ, ಎಚ್‌ಡಿ, ಏರ್‌ಬ್ರಷ್, ಎಲ್ಲ ಇತ್ತು. ಕೊನೆಗೆ ದಪ್ಪ ಅಕ್ಷರದಲ್ಲಿ: ನಿಮ್ಮ ಮೂಲಕ ಬರುವ ವಧುವಿಗೆ ಶೇ. 20 ರಿಯಾಯಿತಿ, ನಿಮಗೆ ಶೇ. 15 ಕಮಿಷನ್.

ಉತ್ತರ ಬಾರದ್ದು ಒಳ್ಳೇದೇ ಆಯಿತು. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಆ ಲೆಕ್ಕಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ, ಪ್ಲಾನರ್ ಆ ಪತ್ರವನ್ನು ಯಾಕೆ ಪಕ್ಕಕ್ಕಿಟ್ಟರು ಅನ್ನೋದನ್ನು ಹೇಳುತ್ತೇನೆ. ತಿಂಗಳುಗಳ ನಂತರ ಒಂದು ರಿಸೆಪ್ಶನ್‌ನಲ್ಲಿ ಅವರೇ ಸಿಕ್ಕರು. ಕೇಳಿಯೇ ಬಿಟ್ಟೆ. ಅವರು ಹೇಳಿದ್ದು ಇಷ್ಟೇ: "ಮೇಡಂ, ಚೆನ್ನಾಗಿ ಮೇಕಪ್ ಮಾಡೋರು ನನಗೆ ಬೇಕಾದಷ್ಟು ಜನ ಗೊತ್ತು. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಪುರೋಹಿತರು 'ಹುಡುಗಿನ ಕರೀರಿ' ಅಂದಾಗ ಹುಡುಗಿ ಬಾಗಿಲಲ್ಲಿ ನಿಂತಿರ್ತಾಳೆ ಅಂತ ಬರೆದುಕೊಡೋರು ಒಬ್ಬರೂ ಸಿಕ್ಕಿಲ್ಲ."

ನನ್ನ ತಲೆಯಲ್ಲಿ ಇದ್ದದ್ದು ಮುಖ. ಅವರ ತಲೆಯಲ್ಲಿ ಇದ್ದದ್ದು ಗಡಿಯಾರ.

ಎರಡನೇ ಪತ್ರವನ್ನು ನಾನು ಅದಕ್ಕೇ ಗಡಿಯಾರದಿಂದ ಶುರು ಮಾಡಿದೆ. ಕನ್ನಡದಲ್ಲೇ ಬರೆದೆ, ಎದುರು ಕೂತು ಮಾತಾಡಿದ ಹಾಗೆ. ಎರಡೇ ಪುಟ. ಮೊದಲ ಸಾಲುಗಳು ಹೀಗಿದ್ದವು:

"ನಮಸ್ಕಾರ ಮೇಡಂ. ಮುಹೂರ್ತ ಬೆಳಿಗ್ಗೆ 7.30ರಿಂದ 9ರ ಒಳಗೆ ಅಂತ ಇಟ್ಟುಕೊಳ್ಳಿ. ನಮ್ಮ ತಂಡ 3.15ಕ್ಕೆ ಮಂಟಪದಲ್ಲಿ ಇರುತ್ತದೆ. 3.30ಕ್ಕೆ ಕೆಲಸ ಶುರು. 6.10ಕ್ಕೆ ವಧು ಪೂರ್ತಿ ಸಿದ್ಧ. 6.30ಕ್ಕೆ ಗೌರಿ ಪೂಜೆಗೆ ಕೂರಬಹುದು. ಈ ನಾಲ್ಕು ಸಮಯಗಳಿಗೆ ನಾವು ಜವಾಬ್ದಾರಿ."

ಈ ಸಮಯಗಳು ಎಲ್ಲಿಂದ ಬಂದವು? ಹಿಂದಕ್ಕೆ ಎಣಿಸಿದ್ದು. ಗೌರಿ ಪೂಜೆ 6.30ಕ್ಕೆ ಅಂದರೆ ಅದಕ್ಕೂ ಮುಂಚೆ ಫೋಟೋಗ್ರಾಫರ್‌ಗೆ 20 ನಿಮಿಷ ಬೇಕೇ ಬೇಕು. ಹುಡುಗಿ ಒಬ್ಬಳೇ ಇರುವ ಫೋಟೋ ಸಿಗುವುದು ಆಗ ಮಾತ್ರ. ಅಲ್ಲಿಗೆ 6.10. ಸೀರೆ ಉಡಿಸಿ, ಡಾಬು, ವಂಕಿ, ಬೈತಲೆ ಬೊಟ್ಟು, ಬಳೆ ಎಲ್ಲ ಹಾಕೋಕೆ 40 ನಿಮಿಷ. ಕೂದಲು ಕಟ್ಟಿ ಮೊಗ್ಗಿನ ಜಡೆ ಕೂರಿಸೋಕೆ 50. ಮುಖಕ್ಕೆ 60. ಮುಖ ತೊಳೆಸಿ ಕ್ರೀಮ್ ಹಚ್ಚಿ ಚರ್ಮ ಹೀರಿಕೊಳ್ಳೋಕೆ 10. ಕೂಡಿಸಿದರೆ 160 ನಿಮಿಷ. 6.10ರಿಂದ ಹಿಂದಕ್ಕೆ ಹೋದರೆ ಸರಿಯಾಗಿ 3.30. ಹುಡುಗಿಯ ಅಮ್ಮ, ಅಕ್ಕ ಇಬ್ಬರನ್ನೂ 4.30ರಿಂದ ಸಹಾಯಕಿಯರು ಪಕ್ಕದಲ್ಲೇ ನೋಡಿಕೊಳ್ಳುತ್ತಾರೆ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿರುವ ಗುಂಡಿ. ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಬೆಳಿಗ್ಗೆ ಎಣ್ಣೆ ಶಾಸ್ತ್ರ ಮಾಡಿ ತಲೆಗೆ ನೀರು ಹಾಕುತ್ತಾರೆ. ಟ್ರಯಲ್ ಮಾಡುವಾಗ ಹುಡುಗಿ ಇದನ್ನು ಹೇಳಲ್ಲ, ಅವಳಿಗೇ ಗೊತ್ತಿರಲ್ಲ. ಅಜ್ಜಿಗೆ ಗೊತ್ತಿರುತ್ತದೆ. ಒಂದು ಮದುವೆಯಲ್ಲಿ ನಾವು ಹೋಗಿ ಬಾಗಿಲು ತಟ್ಟಿದರೆ ಹುಡುಗಿ ತಲೆ ಪೂರ್ತಿ ಒದ್ದೆ, ಕೂದಲಲ್ಲಿ ಎಣ್ಣೆ ಅಂಶ ಇನ್ನೂ ಇದೆ. ಡ್ರೈಯರ್ ಹಚ್ಚಿದೆ. ಅದೇ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಯಾರೋ ಸೀರೆ ಇಸ್ತ್ರಿಗೆ ಐರನ್ ಬಾಕ್ಸ್ ಹಾಕಿದ್ದರು. ನಮ್ಮ ಲೈಟೂ ಅದರಲ್ಲೇ. ಟಪ್ ಅಂತ ಇಡೀ ಕೋಣೆ ಕತ್ತಲು.

ಲೆಕ್ಕ ಸುಲಭ. ಸಾಮಾನ್ಯ ಪ್ಲಗ್ ಪಾಯಿಂಟ್ 6 ಆಂಪ್‌ನದು. 2000 ವ್ಯಾಟ್‌ನ ಡ್ರೈಯರ್ ಒಂದೇ ಸುಮಾರು 9 ಆಂಪ್ ಎಳೆಯುತ್ತದೆ. ಅದರ ಜೊತೆಗೆ ಐರನ್ ಬಾಕ್ಸ್ ಬೇರೆ. ಟ್ರಿಪ್ ಆಗದೆ ಇನ್ನೇನು? ಮೇನ್ ಬೋರ್ಡ್ ಇರುವ ಕೋಣೆಗೆ ಬೀಗ, ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಎಲ್ಲೋ ಮಲಗಿದ್ದಾನೆ. 25 ನಿಮಿಷ ಹೋಯಿತು. ಮೊಬೈಲ್ ಟಾರ್ಚಿನಲ್ಲಿ ಅರ್ಧ ಒದ್ದೆ ಕೂದಲಿಗೆ ಜಡೆ ಪಿನ್ ಮಾಡಿದೆ. ಒದ್ದೆ ಕೂದಲಲ್ಲಿ ಪಿನ್ ನಿಲ್ಲಲ್ಲ ಅಂತ ನಿಮಗೆ ಗೊತ್ತು. ಧಾರೆ ಹೊತ್ತಿಗೆ ಜಡೆ ಒಂದು ಪಕ್ಕಕ್ಕೆ ಜಾರಿತ್ತು. ಆಲ್ಬಮ್‌ನಲ್ಲಿ ಇವತ್ತಿಗೂ ಹಾಗೇ ಇದೆ.

ಈ ಘಟನೆಯಿಂದಲೇ ನನ್ನ ಎರಡನೇ ಪತ್ರದ ಅತಿ ಮುಖ್ಯ ಭಾಗ ಹುಟ್ಟಿತು. ನಾವು ಇಂಥ ಪತ್ರಗಳಲ್ಲಿ ಬರೀ ಕೊಡುವುದನ್ನು ಬರೆಯುತ್ತೇವೆ, ಏನನ್ನೂ ಕೇಳಲ್ಲ. ಕೇಳಿದರೆ ಕೆಲಸ ಕೈತಪ್ಪುತ್ತೆ ಅಂತ ಭಯ. ಆದರೆ ಜಂಟಿ ಪ್ಯಾಕೇಜ್ ಅಂದ ಮೇಲೆ ಪ್ಲಾನರ್ ಕೈಯಲ್ಲಿ ಮಾತ್ರ ಆಗುವ ಕೆಲಸಗಳಿವೆ. ಮಂಟಪದ ಮ್ಯಾನೇಜರ್ ನನ್ನ ಮಾತು ಕೇಳಲ್ಲ, ಅವರ ಮಾತು ಕೇಳುತ್ತಾನೆ. ಹಾಗಾಗಿ ಬರೆದೆ:

"ನಿಮ್ಮಿಂದ ನಮಗೆ ಬೇಕಾದದ್ದು: ವಧುವಿನ ಕೋಣೆಯಲ್ಲಿ ಒಂದು 16 ಆಂಪ್ ಪ್ಲಗ್, ನಮ್ಮ ಬಳಕೆಗೆ ಮಾತ್ರ. ಇಸ್ತ್ರಿಗೆ ಬೇರೆ ಕೋಣೆ. ಕೈ ಇಲ್ಲದ ಎತ್ತರದ ಕುರ್ಚಿ ಒಂದು. ಬೆಳಿಗ್ಗೆ ಎಣ್ಣೆ ಶಾಸ್ತ್ರ ಇದೆಯೇ ಅಂತ ಮನೆಯ ಹಿರಿಯರನ್ನು ಹದಿನೈದು ದಿನ ಮುಂಚೆ ಕೇಳಿ ತಿಳಿಸುವುದು. ಇದ್ದರೆ ಸ್ನಾನ 3 ಗಂಟೆಗೆ ಮುಗಿದಿರಬೇಕು, ನಾವು ಅರ್ಧ ಗಂಟೆ ಮುಂಚೆ ಬರುತ್ತೇವೆ."

ಕೈ ಇಲ್ಲದ ಕುರ್ಚಿ ಯಾಕೆ ಅಂತ ಪ್ಲಾನರ್ ಕೇಳಿದರು. ಕೈ ಇದ್ದರೆ ನಾವು ಪಕ್ಕದಿಂದ ಹತ್ತಿರ ಹೋಗೋಕೆ ಆಗಲ್ಲ, ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ ಅಂದೆ. ನಕ್ಕರು. ಆದರೆ ಮುಂದಿನ ಮದುವೆಯಲ್ಲಿ ಕುರ್ಚಿ ಇತ್ತು.

ಇನ್ನು ಪ್ಯಾಕೇಜಿನಲ್ಲಿ ಏನಿದೆ ಅನ್ನೋದು. ಹಿಂದಿನ ಸಂಜೆ ರಿಸೆಪ್ಶನ್, ಬೆಳಿಗ್ಗೆ ಮುಹೂರ್ತ, ಒಂದು ಟ್ರಯಲ್, ಮುಹೂರ್ತಕ್ಕೆ ಅಮ್ಮ ಮತ್ತು ಅಕ್ಕನ ಅಲಂಕಾರ. ಇಷ್ಟೇ. ಹೂವು ಪ್ಯಾಕೇಜಿನಲ್ಲಿ ಇಲ್ಲ. ಮೊಗ್ಗಿನ ಜಡೆಯನ್ನು ಮನೆಯವರೇ ದೇವರಾಜ ಮಾರುಕಟ್ಟೆಯಲ್ಲಿ ಹೇಳಿ ಕಟ್ಟಿಸಲಿ, ನಾವು ಉದ್ದ ಮಾತ್ರ ಅಳತೆ ಕೊಡುತ್ತೇವೆ. ಮದುವೆ ಕಾಲದಲ್ಲಿ ಮಲ್ಲಿಗೆ ಬೆಲೆ ಯಾವ ದಿನ ಎಲ್ಲಿಗೆ ಏರುತ್ತದೆ ಅಂತ ಹೇಳೋಕಾಗಲ್ಲ. ಅದನ್ನು ನಮ್ಮ ಬೆಲೆಯೊಳಗೆ ತಂದುಕೊಂಡರೆ ಕೈ ಸುಟ್ಟುಕೊಳ್ಳುವುದು ನಾವೇ.

ಒಂದು ಸಾಲನ್ನು ಮಾತ್ರ ನಾನು ಬೇಕಂತಲೇ ಸೇರಿಸಿದೆ: "ಧಾರೆ ಮುಗಿಯುವವರೆಗೆ ಒಬ್ಬ ಸಹಾಯಕಿ ಮಂಟಪದಲ್ಲೇ ಇರುತ್ತಾಳೆ." ಯಾಕೆಂದರೆ ನಮ್ಮ ಮದುವೆಯಲ್ಲಿ ಮೇಕಪ್ ಕೆಡುವುದು ಕೋಣೆಯಿಂದ ಹೊರಗೆ ಹೋದ ಮೇಲೆ. ಅಂತರಪಟ ಸರಿದ ತಕ್ಷಣ ಜೀರಿಗೆ ಬೆಲ್ಲ ತಲೆ ಮೇಲೆ. ಸ್ಪ್ರೇ ಹೊಡೆದ ಕೂದಲಿಗೆ ಬೆಲ್ಲ ಅಂಟಿದರೆ ಬಿಡಲ್ಲ. ಆಮೇಲೆ ಅಕ್ಷತೆ. ಅರಿಶಿನ ಹಚ್ಚಿದ ಅಕ್ಕಿ ಬೆವೆತ ಹಣೆಗೆ ಅಂಟಿ, ಒರೆಸಿದರೆ ಫೌಂಡೇಶನ್ ಜೊತೆಗೇ ಬರುತ್ತದೆ. ಹೋಮದ ಹೊಗೆಗೆ ಕಣ್ಣಲ್ಲಿ ನೀರು. ಸಹಾಯಕಿಯ ಕೈಯಲ್ಲಿ ಟಿಶ್ಯೂ, ಬ್ಲಾಟಿಂಗ್ ಪೇಪರ್, ಸಣ್ಣ ಹಲ್ಲಿನ ಬಾಚಣಿಗೆ, ನಾಲ್ಕು ಪಿನ್ ಇದ್ದರೆ ಸಾಕು. ಒತ್ತಿ ತೆಗೆಯಬೇಕು, ಒರೆಸಬಾರದು. ಈ ಸಾಲು ಓದಿದಾಗಲೇ ನನಗೆ ಫೋನ್ ಮಾಡಬೇಕು ಅನ್ನಿಸಿತು ಅಂತ ಪ್ಲಾನರ್ ಆಮೇಲೆ ಹೇಳಿದರು.

ಈಗ ದುಡ್ಡಿನ ಮಾತು. ಇದನ್ನು ಕೇಳೋಕೇ ಅರ್ಧ ಜನ ಬಂದಿದ್ದೀರಿ ಅಂತ ಗೊತ್ತು.

ನಮ್ಮ ಸ್ಟುಡಿಯೋದ ಬೆಲೆಯನ್ನೇ ಹೇಳುತ್ತೇನೆ. ನಿಮ್ಮದು ಹೆಚ್ಚೋ ಕಡಿಮೆಯೋ ಇರಬಹುದು, ಲೆಕ್ಕದ ದಾರಿ ಒಂದೇ. ರಿಸೆಪ್ಶನ್‌ಗೆ 14,000. ಮುಹೂರ್ತಕ್ಕೆ 16,000. ಟ್ರಯಲ್ 2,000. ಅಮ್ಮ, ಅಕ್ಕ ತಲಾ 3,000. ಬಿಡಿಬಿಡಿಯಾಗಿ ತಗೊಂಡರೆ 38,000 ರೂಪಾಯಿ. ನನ್ನ ಖರ್ಚು: ಇಬ್ಬರು ಸಹಾಯಕಿಯರಿಗೆ ಎರಡು ಹೊತ್ತಿಗೆ ಒಟ್ಟು 6,000, ಸಾಮಾನಿಗೆ 3,500, ಗಾಡಿಗೆ 1,200. ಒಟ್ಟು 10,700.

ಮೊದಲ ಪತ್ರದ ಪ್ರಕಾರ ಏನಾಗುತ್ತಿತ್ತು ನೋಡಿ. 38,000ಕ್ಕೆ ಶೇ. 20 ಬಿಟ್ಟರೆ 30,400. ಅದರಲ್ಲಿ ಶೇ. 15 ಕಮಿಷನ್ 4,560. ಉಳಿದದ್ದು 25,840. ಖರ್ಚು ಕಳೆದರೆ 15,140. ಎರಡು ದಿನ, ಒಂದು ಟ್ರಯಲ್, ಮೂರು ಜನರ ಅಲಂಕಾರ. ಬರೀ ಒಂದು ಮುಹೂರ್ತವನ್ನು ನೇರವಾಗಿ ಒಪ್ಪಿಕೊಂಡು, ಅರ್ಧ ಖರ್ಚು ಕಳೆದರೆ ಒಂದೇ ಬೆಳಿಗ್ಗೆಗೆ ನನಗೆ 10,650 ಉಳಿಯುತ್ತದೆ. ಅಂದರೆ ಪ್ಲಾನರ್ ಮೂಲಕ ಬಂದ ಪ್ರತಿ ಮದುವೆಯಲ್ಲೂ ರಿಸೆಪ್ಶನ್ನು, ಟ್ರಯಲ್ಲು, ಅಮ್ಮ, ಅಕ್ಕ ಎಲ್ಲ ಸೇರಿ ನಾಲ್ಕೂವರೆ ಸಾವಿರಕ್ಕೆ ಮಾಡಿದ ಹಾಗೆ. ಪತ್ರ ಬರೆಯುವಾಗ ಈ ಲೆಕ್ಕ ಹಾಕಿರಲಿಲ್ಲ. ಸುಮ್ನೆ ದೊಡ್ಡ ಸಂಖ್ಯೆ ಬರೆದರೆ ಒಪ್ಪುತ್ತಾರೆ ಅಂದುಕೊಂಡಿದ್ದೆ.

ಎರಡನೇ ಪತ್ರದಲ್ಲಿ ಟ್ರಯಲ್ ದುಡ್ಡು ಮಾತ್ರ ಬಿಟ್ಟೆ. ಪ್ಯಾಕೇಜ್ 36,000. ಪ್ಲಾನರ್‌ಗೆ ಶೇ. 10, ಅಂದರೆ 3,600. ಖರ್ಚು ಕಳೆದು ನನಗೆ 21,700. ನೇರವಾಗಿ ಬಂದವರಿಂದ 27,300 ಉಳಿಯುತ್ತಿತ್ತು, ನಿಜ. ಆದರೆ ನೇರವಾಗಿ ಬರುವ ಒಂದು ಬುಕಿಂಗ್‌ಗೆ ಎಷ್ಟು ಫೋನು, ಎಷ್ಟು ಚೌಕಾಸಿ, ಎಷ್ಟು ಫೋಟೋ ಕಳಿಸೋದು, ನಿಮಗೆ ಹೇಳಬೇಕಾಗಿಲ್ಲ. ಆ ವ್ಯತ್ಯಾಸ ಆ ಓಡಾಟದ ಬೆಲೆ ಅಂತ ನಾನು ಒಪ್ಪಿಕೊಂಡೆ. ಪ್ಲಾನರ್ ಶೇ. 20 ಕೇಳಿದರು. ಆಗಲ್ಲ ಅಂದೆ. ಲೆಕ್ಕ ಎದುರಿಗಿದ್ದರೆ ಆಗಲ್ಲ ಅನ್ನೋಕೆ ಧೈರ್ಯ ಬರುತ್ತದೆ.

ಒಂದು ಕಿವಿಮಾತು. ಕಮಿಷನ್ ಕೊಡೋಕೆ ಅಂತ ವಧುವಿನ ಬೆಲೆ ಏರಿಸಬೇಡಿ. ಮೈಸೂರು ಸಣ್ಣ ಊರು. ಅದೇ ಹುಡುಗಿಯ ಚಿಕ್ಕಮ್ಮನ ಮಗಳು ನಿಮ್ಮ ಸ್ಟುಡಿಯೋಗೆ ನೇರವಾಗಿ ಬಂದು ಬೆಲೆ ಕೇಳಿರುತ್ತಾಳೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಬಿಲ್ ಯಾರು ಕೊಡಬೇಕು? ಇದನ್ನು ಪತ್ರದಲ್ಲೇ ಬರೆದುಬಿಡಿ. ಪ್ಲಾನರ್‌ಗೆ ಇಷ್ಟ ಆಗುವುದು ಎಲ್ಲವನ್ನೂ ಒಂದೇ ಬಿಲ್‌ನಲ್ಲಿ ಒಂದೇ ಬೆಲೆಗೆ ಕೊಡುವುದು. ಆದರೆ ಜಿಎಸ್‌ಟಿ ನೋಡಿ. ಬ್ಯೂಟಿ ಸೇವೆಗೆ ಮುಂಚೆ ಶೇ. 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ, ಇನ್‌ಪುಟ್ ಕ್ರೆಡಿಟ್ ಇಲ್ಲದೆ, ಅಂದರೆ ನಾವು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳೋಕಾಗಲ್ಲ. ಈವೆಂಟ್ ನಡೆಸಿಕೊಡುವ ಕೆಲಸಕ್ಕೆ ಶೇ. 18. ಬೇರೆ ಬೇರೆ ದರದ ಸೇವೆಗಳನ್ನು ಕಲೆಸಿ ಒಂದೇ ಬೆಲೆಗೆ ಮಾರಿದರೆ ಅದರಲ್ಲಿ ಯಾವುದು ಹೆಚ್ಚೋ ಆ ದರ ಪೂರ್ತಿಗೆ ಬೀಳುತ್ತದೆ. ನಮ್ಮ 36,000ಕ್ಕೆ ನಾವೇ ಬಿಲ್ ಕೊಟ್ಟರೆ ತೆರಿಗೆ 1,800. ಅದೇ ಪ್ಲಾನರ್ ಬಿಲ್‌ನೊಳಗೆ ಕಲೆತರೆ 6,480. ಹುಡುಗಿಯ ಅಪ್ಪ ಸುಮ್ಮನೆ 4,680 ರೂಪಾಯಿ ಜಾಸ್ತಿ ಕೊಟ್ಟ ಹಾಗೆ. ವರ್ಷಕ್ಕೆ 20 ಲಕ್ಷದೊಳಗಿನ ವ್ಯವಹಾರ ಇದ್ದು ನೀವು ಜಿಎಸ್‌ಟಿ ಮಾಡಿಸಿಲ್ಲದಿದ್ದರೆ ನಿಮ್ಮ ಬಿಲ್‌ನಲ್ಲಿ ತೆರಿಗೆಯೇ ಇಲ್ಲ. ಆಗ ಬೇರೆ ಬಿಲ್ ಇನ್ನೂ ಲಾಭ.

ಇನ್ನೊಂದು ಸಣ್ಣ ಚುಚ್ಚು. ಪ್ಲಾನರ್ ಜಿಎಸ್‌ಟಿ ಇರುವವರಾದರೆ ತಮ್ಮ 3,600ಕ್ಕೆ ಶೇ. 18 ಸೇರಿಸಿ 4,248ರ ಬಿಲ್ ಕೊಡುತ್ತಾರೆ. ಆ 648 ರೂಪಾಯಿ ನಮಗೆ ಕ್ರೆಡಿಟ್ ಆಗಿ ಬರಲ್ಲ. ಅದಕ್ಕೆ ನನ್ನ ಪತ್ರದಲ್ಲಿ "ತೆರಿಗೆ ಎಲ್ಲ ಸೇರಿ 3,600" ಅಂತ ಇದೆ. ನಿಮ್ಮ ಆಡಿಟರ್‌ಗೆ ಒಂದು ಸಲ ತೋರಿಸಿ ಬರೆಯಿರಿ.

ದಿನ ಹಿಡಿದಿಡುವ ವಿಷಯ. ಇದರಲ್ಲಿ ನನಗೆ ಬೇರೊಬ್ಬ ಪ್ಲಾನರ್‌ನಿಂದ ಪೆಟ್ಟು ಬಿದ್ದಿದೆ. ವೈಶಾಖದ ಒಂದು ಒಳ್ಳೆ ಮುಹೂರ್ತದ ದಿನ. "ಪಾರ್ಟಿ ಹೆಚ್ಚುಕಮ್ಮಿ ಫೈನಲ್, ದಿನ ಇಟ್ಟಿರಿ" ಅಂದರು. ಇಟ್ಟೆ. ಅಷ್ಟರಲ್ಲಿ ಎರಡು ಮನೆಯವರು ಅದೇ ದಿನಕ್ಕೆ ಕೇಳಿದರು, ಇಲ್ಲ ಅಂದೆ. ಹದಿನಾರನೇ ದಿನ ಮೆಸೇಜ್ ಬಂತು, ಪಾರ್ಟಿ ಬೇರೆಯವರನ್ನು ನೋಡಿಕೊಂಡರು ಅಂತ. ಒಂಟಿಕೊಪ್ಪಲ್ ಪಂಚಾಂಗ ತೆಗೆದು ನೋಡಿ, ಮದುವೆ ಮುಹೂರ್ತ ಇರುವ ದಿನಗಳು ಎಷ್ಟಿವೆ? ಆಷಾಢ ಇಲ್ಲ, ಪಿತೃಪಕ್ಷ ಇಲ್ಲ, ಧನುರ್ಮಾಸ ಇಲ್ಲ, ಗುರು ಶುಕ್ರ ಅಸ್ತ ಇದ್ದರೆ ಇನ್ನೂ ಕಡಿಮೆ. ಉಳಿದ ದಿನಗಳಲ್ಲೂ ಭಾನುವಾರ ಬಂದರೆ ಊರೆಲ್ಲ ಅದಕ್ಕೇ ಮುಗಿಬೀಳುತ್ತದೆ. ಅಂಥ ಒಂದು ದಿನ ಕೈತಪ್ಪಿದರೆ ಮತ್ತೆ ಸಿಗಲ್ಲ.

ಪತ್ರದಲ್ಲಿ ಹೀಗೆ ಬರೆದೆ: "ನೀವು ದಿನಾಂಕ ಹೇಳಿದ ಮೇಲೆ 72 ಗಂಟೆ ಬೇರೆ ಯಾರಿಗೂ ಕೊಡುವುದಿಲ್ಲ. ಅಷ್ಟರೊಳಗೆ ವಧುವಿನ ಮನೆಯಿಂದ 10,000 ರೂಪಾಯಿ ಮುಂಗಡ ನಮ್ಮ ಖಾತೆಗೆ ಬಂದರೆ ದಿನ ನಿಮ್ಮದು. ಬಾರದಿದ್ದರೆ ನಿಮಗೆ ಮೆಸೇಜ್ ಮಾಡಿ ದಿನ ಬಿಡುತ್ತೇವೆ. ಮದುವೆ ಮುಂದಕ್ಕೆ ಹೋದರೆ ಮುಂಗಡವನ್ನು ಹೊಸ ದಿನಕ್ಕೆ ಹಾಕಿಕೊಳ್ಳುತ್ತೇವೆ, ಆ ದಿನ ನಮಗೆ ಬಿಡುವಿದ್ದರೆ. ನಿಂತೇ ಹೋದರೆ, ಆ ದಿನಕ್ಕೆ ನಮಗೆ ಬೇರೆ ಮದುವೆ ಸಿಕ್ಕಲ್ಲಿ ಮುಂಗಡ ವಾಪಸ್."

ಮುಂಗಡ ನೇರವಾಗಿ ನಮ್ಮ ಖಾತೆಗೇ ಬರಬೇಕು. ಪ್ಲಾನರ್ ಮೇಲೆ ಅನುಮಾನ ಅಂತಲ್ಲ. ಅವರ ಕೈಯಲ್ಲಿ ಡೆಕೋರೇಶನ್‌ನವರು, ಅಡುಗೆಯವರು, ವಾಲಗದವರು ಎಲ್ಲರ ದುಡ್ಡು ಸುತ್ತುತ್ತಿರುತ್ತದೆ. ನಮ್ಮದು ಅದರಲ್ಲಿ ಕೊನೆಗೆ ಉಳಿದುಬಿಡುತ್ತದೆ. ಪೂರ್ತಿ ಹಣ ಬಂದ ಮೂರು ದಿನದೊಳಗೆ ಅವರ ಶೇ. 10 ನಾವೇ ಕಳಿಸುತ್ತೇವೆ ಅಂತ ಬರೆದೆ. ಇಲ್ಲಿಯವರೆಗೆ ಒಂದು ದಿನವೂ ತಪ್ಪಿಸಿಲ್ಲ, ಯಾಕೆಂದರೆ ಅದು ತಪ್ಪಿದರೆ ಮೇಲೆ ಬರೆದ ಯಾವ ಸಾಲಿಗೂ ಬೆಲೆ ಇರಲ್ಲ.

ಒಂದು ದಿನಕ್ಕೆ ಎಷ್ಟು ವಧು ಅಂತಲೂ ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಎರಡು ತಂಡ ಇದೆ. ಒಂದು ಮುಹೂರ್ತಕ್ಕೆ ಒಂದು ತಂಡ, ಒಬ್ಬಳೇ ವಧು. ಮೂರನೆಯದು ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಎರಡನೇ ತಂಡ ಬರುವುದಾದರೆ ಬುಕಿಂಗ್‌ಗೂ ಮುಂಚೆ ಹೇಳುತ್ತೇವೆ, ಟ್ರಯಲ್ ಕೂಡ ಆ ತಂಡದವರೇ ಮಾಡುತ್ತಾರೆ. ನನ್ನ ಫೋಟೋ ತೋರಿಸಿ ಬೇರೆಯವರನ್ನು ಕಳಿಸಿದರೆ ವಧುವಿನ ಕೋಣೆಯಲ್ಲಿ ಬೆಳಗಿನ ಜಾವ ಜಗಳ ಆಗುತ್ತದೆ. ಆ ಜಗಳಕ್ಕೆ ಪ್ಲಾನರ್ ಬಂದು ನಿಲ್ಲಬೇಕಾಗುತ್ತದೆ.

ಟ್ರಯಲ್ ಬಗ್ಗೆ ಪತ್ರದಲ್ಲಿ ಎರಡೇ ಸಾಲು: ಮದುವೆಗೆ ಮೂರು ವಾರ ಮುಂಚೆ, ಸೀರೆಯ ಬಣ್ಣದ ಬ್ಲೌಸ್ ತರಬೇಕು. ಕಿವಿಯ ಹಿಂದೆ ಹಚ್ಚಿ ನೋಡಿದ ಸಾಮಾನಿನಿಂದ ಎರಡು ದಿನದಲ್ಲಿ ತುರಿಕೆ, ಕೆಂಪು ಬಂದರೆ ಅದನ್ನು ಬದಲಾಯಿಸುತ್ತೇವೆ. ಕೊನೇ ವಾರದಲ್ಲಿ ಹೊಸ ಫೇಶಿಯಲ್ ಬೇಡ ಅಂತ ಪ್ಲಾನರ್ ಕೂಡ ಹೇಳಬೇಕು. ನಾವು ಹೇಳಿದರೆ ಕೇಳಲ್ಲ, ಅಕ್ಕಪಕ್ಕದವರು ಹೇಳಿದ್ದನ್ನು ಹಚ್ಚಿಕೊಂಡು ಬರುತ್ತಾರೆ.

ನಂಜನಗೂಡು, ಮಂಡ್ಯ ಕಡೆ ಮದುವೆ ಆದರೆ ಬೇರೆ ಲೆಕ್ಕ. ರಿಂಗ್ ರೋಡ್ ದಾಟಿದರೆ ಗಾಡಿ ಬಾಡಿಗೆ ಜಾಸ್ತಿ, ಮುಹೂರ್ತ ಬೆಳಿಗ್ಗೆ 8ಕ್ಕೂ ಮುಂಚೆ ಇದ್ದರೆ ತಂಡಕ್ಕೆ ರಾತ್ರಿ ಉಳಿಯೋಕೆ ಕೋಣೆ. ಹೆಣ್ಣುಮಕ್ಕಳನ್ನು ರಾತ್ರಿ ಎರಡು ಗಂಟೆಗೆ ಹೈವೇಯಲ್ಲಿ ಕಳಿಸಲ್ಲ ಅಂತ ಅದೇ ಮಾತಿನಲ್ಲಿ ಬರೆದಿದ್ದೇನೆ.

ಯಾವಾಗ ಕಳಿಸಬೇಕು ಅಂತ ಹೋದ ಸಲ ಒಬ್ಬರು ಕೇಳಿದ್ದರು. ಈಗಲೇ. ಆಷಾಢದಲ್ಲಿ ಪ್ಲಾನರ್‌ಗಳೂ ನಮ್ಮ ಹಾಗೇ ಕೂತಿರುತ್ತಾರೆ, ಶ್ರಾವಣದಿಂದ ಮುಂದಿನ ಮದುವೆಗಳ ಪಟ್ಟಿ ಮಾಡುತ್ತಿರುತ್ತಾರೆ. ಸೀಸನ್ ಮಧ್ಯದಲ್ಲಿ ಕಳಿಸಿದರೆ ಓದಲ್ಲ. ಕೊರಿಯರ್ ಬೇಡ, ಕೈಯಲ್ಲಿ ತಗೊಂಡು ಹೋಗಿ ಕೊಡಿ. ಫೋಟೋ ಇಡುವುದಾದರೆ ಮೂರು ಸಾಕು, ಮೂರೂ ಒಂದೇ ಹುಡುಗಿಯದು: ಕೋಣೆಯಿಂದ ಹೊರಗೆ ಬಂದಾಗ, ಧಾರೆ ಮುಗಿದಾಗ, ಊಟಕ್ಕೆ ಕೂತಾಗ. ಹುಡುಗಿಯನ್ನು ಕೇಳಿಯೇ ಹಾಕಿ.

ನನ್ನ ಪತ್ರವನ್ನು ಪ್ಲಾನರ್ ಮೇಜಿನ ಮೇಲಿಟ್ಟುಕೊಂಡು ಪೆನ್ನು ಹಿಡಿದು ಓದಿದರು. ಶೇ. 10ರ ಕೆಳಗೆ ಒಂದು ಗೆರೆ ಎಳೆದು, ಆರು ತಿಂಗಳ ನಂತರ ಮತ್ತೆ ಮಾತಾಡೋಣ ಅಂದರು. ಪ್ಲಗ್ ಮತ್ತು ಕುರ್ಚಿಯ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅದರ ಕೆಳಗೆ ತಾವೇ ಕೈಬರಹದಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದರು: "ವಧುವಿನ ಕೋಣೆ ಮತ್ತು ಮೇನ್ ಬೋರ್ಡ್ ಕೋಣೆ, ಎರಡರ ಬೀಗದ ಕೈಯೂ ಹಿಂದಿನ ರಾತ್ರಿಯೇ ನಿಮ್ಮ ಕೈಗೆ."